ನೋಯದ ಪಾದಕ್ಕೆ ಕಣ್ಣಿನ ಕಾವಲು

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರಚಿಕಿತ್ಸಕ ಬಂದರು. ಕುಷ್ಠ ಬಂದವರ ಬೆರಳುಗಳು ರೋಗದಿಂದಲೇ ಕೊಳೆತು ಉದುರುತ್ತವೆ ಎಂದು ಆಗ ಜನ ನಂಬಿದ್ದರು. ವೈದ್ಯರಲ್ಲೂ ಅನೇಕರು ಹಾಗೇ ತಿಳಿದಿದ್ದರು. ಬ್ರ್ಯಾಂಡ್ ರೋಗಿಗಳ ದಿನಚರಿಯನ್ನೇ ಗಮನಿಸತೊಡಗಿದರು. ಒಬ್ಬರು ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಎತ್ತುತ್ತಿದ್ದರು, ಇನ್ನೊಬ್ಬರು ಅಂಗಾಲಿನಲ್ಲಿ ಹುಣ್ಣಿದ್ದರೂ ಅದರ ಮೇಲೇ ಭಾರ ಬಿಟ್ಟು ನಡೆಯುತ್ತಿದ್ದರು. ರಾತ್ರಿ ಮಲಗುವಾಗ ಇದ್ದ ಬೆರಳಿನ ತುದಿ ಬೆಳಿಗ್ಗೆ ಇಲ್ಲವಾದದ್ದೂ ಉಂಟು. ಕಾದು ನೋಡಿದಾಗ ಇಲಿಗಳು ಕಡಿಯುತ್ತಿದ್ದವು, ಮಲಗಿದ್ದವರಿಗೆ ಎಚ್ಚರವೇ ಆಗುತ್ತಿರಲಿಲ್ಲ. ಆಮೇಲೆ ಮನೆಗೆ ಹೊರಟ ರೋಗಿಗಳ ಜೊತೆ ಬೆಕ್ಕನ್ನೂ ಕಳಿಸುವ ಪದ್ಧತಿ ಶುರುವಾಯಿತು.

ನರ ಸತ್ತು ನೋವು ಹೋದದ್ದೇ ಬೆರಳು ಹೋಗಲು ಕಾರಣ ಎಂಬುದು ಬ್ರ್ಯಾಂಡ್ ಕಂಡುಕೊಂಡ ಸತ್ಯ. ಪೆಟ್ಟು ಬೀಳದಂತೆ ಕಾಪಾಡಿದರೆ ಆ ಚರ್ಮವೂ ಎಲ್ಲರ ಚರ್ಮದಂತೆ ಮಾಯುತ್ತಿತ್ತು. 1966ರಲ್ಲಿ ಅವರು ಅಮೆರಿಕದ ಲೂಯಿಸಿಯಾನಾ ರಾಜ್ಯದ ಕಾರ್ವಿಲ್ ಎಂಬಲ್ಲಿದ್ದ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿಂದ ಈ ತಿಳಿವಳಿಕೆ ಸಕ್ಕರೆ ಕಾಯಿಲೆಯವರ ಪಾದದ ಚಿಕಿತ್ಸೆಗೂ ಹರಡಿತು. ಎರಡೂ ರೋಗಗಳಲ್ಲಿ ಪಾದಕ್ಕೆ ಆಗುವ ಅನ್ಯಾಯ ಒಂದೇ ಬಗೆಯದು. ಗಾಯ ಆಗುತ್ತದೆ, ಸುದ್ದಿ ಮಿದುಳಿಗೆ ತಲುಪುವುದಿಲ್ಲ.

ಐಸಿಎಂಆರ್ ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಎಲ್ಲರ ಪಾದವೂ ಅಪಾಯದಲ್ಲಿಲ್ಲ. ಸ್ಪರ್ಶ ಕಳೆದುಕೊಂಡ ಪಾದ, ರಕ್ತ ಸರಿಯಾಗಿ ಹರಿಯದ ಪಾದ, ಹಿಂದೊಮ್ಮೆ ಹುಣ್ಣಾಗಿ ಮಾಯ್ದ ಪಾದ, ಇವು ಮೂರು ಅಪಾಯದವು. ಮೊದಲನೆಯದನ್ನು ಮನೆಯಲ್ಲೇ ಒಂದು ನಿಮಿಷದಲ್ಲಿ ಕಂಡುಕೊಳ್ಳಬಹುದು.

ಆ ಪರೀಕ್ಷೆ ಬಂದದ್ದು ಇಂಗ್ಲೆಂಡಿನ ಇಪ್ಸ್‌ವಿಚ್‌ನಿಂದ, ಬೇಕಾದದ್ದು ಇನ್ನೊಬ್ಬರ ತೋರುಬೆರಳು ಮಾತ್ರ. ಸಕ್ಕರೆ ಕಾಯಿಲೆಯವರು ಕಾಲು ಚಾಚಿ, ಕಣ್ಣು ಮುಚ್ಚಿಕೊಳ್ಳಬೇಕು. ಮನೆಯವರು ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಎರಡೂ ಕಾಲು ಸೇರಿ ಆರು ಕಡೆ ಆಯಿತು. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು, ಒಂದೇ ಕಡೆ ಮತ್ತೆ ಮತ್ತೆ ಮುಟ್ಟಲೂಬಾರದು. ಮುಟ್ಟಿದ್ದು ಗೊತ್ತಾದಾಗ ‘ಬಲ’, ‘ಎಡ’ ಎಂದು ಹೇಳುತ್ತಾ ಹೋಗಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಪಾದದ ಕಾವಲಿನ ಸ್ಪರ್ಶ ಕುಂದಿದೆ ಎಂದು ತಿಳಿದು ವೈದ್ಯರಿಗೆ ತೋರಿಸಬೇಕು. ಅವರು ಇದನ್ನೇ ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಆ ಎಳೆ 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಅಷ್ಟು ಒತ್ತಿದರೂ ತಿಳಿಯದ ಪಾದಕ್ಕೆ ಚಪ್ಪಲಿಯೊಳಗಿನ ಹರಳು ತಿಳಿಯುವುದಿಲ್ಲ.

ಇಲ್ಲಿ ಅನೇಕರನ್ನು ದಾರಿ ತಪ್ಪಿಸುವ ಸಂಗತಿಯೊಂದಿದೆ. ‘ನನಗೆ ಕಾಲು ರಾತ್ರಿಯೆಲ್ಲ ಉರಿಯುತ್ತದೆ, ಜೋಮು ಹಿಡಿಯುತ್ತದೆ, ಹಾಗಾಗಿ ಸ್ಪರ್ಶ ಚೆನ್ನಾಗಿಯೇ ಇದೆ’ ಎಂದು ಅವರು ನಂಬಿರುತ್ತಾರೆ. ಆ ಉರಿ ಹಾಳಾದ ನರ ತಾನೇ ಹುಟ್ಟಿಸುವ ಸಂವೇದನೆ. ಉರಿಯುವ ಅದೇ ಪಾದಕ್ಕೆ ಮುಳ್ಳು ಚುಚ್ಚಿದ್ದು ತಿಳಿಯದೇ ಇರಬಹುದು. ಉರಿ ತಣಿಸಲು ಅಥವಾ ತಣ್ಣಗಿರುವ ಕಾಲನ್ನು ಬೆಚ್ಚಗಾಗಿಸಲು ಬಿಸಿನೀರಿನ ಬಕೆಟ್ಟಿಗೆ ಕಾಲಿಟ್ಟು ಅಂಗಾಲು ಸುಟ್ಟುಕೊಂಡವರು ಆಸ್ಪತ್ರೆಗೆ ಬರುತ್ತಲೇ ಇರುತ್ತಾರೆ. ನೀರನ್ನು ಕಾಲಿನಿಂದ ಪರೀಕ್ಷಿಸುವುದು ಅಪಾಯ. ಮೊಣಕೈ ಅದ್ದಿ ನೋಡಿ, ಉಗುರುಬೆಚ್ಚಗಿದ್ದರೆ ಮಾತ್ರ ಕಾಲಿಡಬೇಕು. ಹಾಟ್ ವಾಟರ್ ಬ್ಯಾಗ್, ಹೀಟರು, ಕೆಂಡದ ಶಾಖ ಯಾವುದೂ ಈ ಪಾದಕ್ಕೆ ಸಲ್ಲದು.

ನರ ಸೊರಗಿದಾಗ ಸ್ಪರ್ಶವೊಂದೇ ಹೋಗುವುದಿಲ್ಲ. ಬೆವರು ನಿಂತು ಚರ್ಮ ಒಣಗುತ್ತದೆ, ಹಿಮ್ಮಡಿ ಒಡೆಯುತ್ತದೆ, ಆ ಬಿರುಕಿನಿಂದ ಸೋಂಕು ಒಳಗಿಳಿಯುತ್ತದೆ. ಪಾದದ ಸಣ್ಣ ಸ್ನಾಯುಗಳು ಬಡವಾಗಿ ಬೆರಳುಗಳು ಕೊಕ್ಕೆಯಂತೆ ಮಡಚಿಕೊಳ್ಳುತ್ತವೆ. ಆಗ ಬೆರಳಿನ ಬುಡದ ಮೂಳೆಗಳು ಅಂಗಾಲಿನ ಕಡೆ ಒತ್ತುತ್ತವೆ. ದಿನವೂ ಸಾವಿರಾರು ಹೆಜ್ಜೆ ಒಂದೇ ಜಾಗದ ಮೇಲೆ ಬಿದ್ದು ಚರ್ಮ ಅಲ್ಲಿ ಜಡ್ಡುಗಟ್ಟುತ್ತದೆ. ಜಡ್ಡು ರಕ್ಷಣೆಯಂತೆ ಕಂಡರೂ ಮಾಡುವುದು ಕೆಡುಕು. ಗಟ್ಟಿಯಾದಷ್ಟೂ ಕೆಳಗಿನ ಮೃದು ಮಾಂಸವನ್ನು ಅದೇ ಅರೆಯುತ್ತದೆ. ಹುಣ್ಣು ಒಳಗೆ ಹುಟ್ಟಿ, ಮೇಲೆ ಗಟ್ಟಿ ಮುಚ್ಚಳ ಉಳಿದಿರುತ್ತದೆ. ಜಡ್ಡಿನ ನಡುವೆ ಕಪ್ಪು ಅಥವಾ ಕಂದು ಕಲೆ ಕಂಡರೆ ಅದು ಒಳಗೆ ರಕ್ತ ಒಸರಿದ ಗುರುತು. ಮೇಲೆ ಚರ್ಮ ಒಡೆಯದಿದ್ದರೂ ಅದನ್ನು ಹುಣ್ಣೆಂದೇ ಎಣಿಸಿ ತೋರಿಸಬೇಕು.

ಕೊಪ್ಪಳ, ಬಳ್ಳಾರಿ ಕಡೆಯ ಬಯಲಿನಲ್ಲಿ ಹೇರಳವಾಗಿ ಬೆಳೆದಿರುವ ಬಳ್ಳಾರಿ ಜಾಲಿಯ ಮುಳ್ಳು ತೆಳು ಹವಾಯಿ ಚಪ್ಪಲಿಯನ್ನು ಸಲೀಸಾಗಿ ತೂರುತ್ತದೆ. ಆ ಮುಳ್ಳಿನಿಂದ ಶುರುವಾಗುವ ಕತೆಯೊಂದನ್ನು ಹೀಗೆ ಕಟ್ಟಬಹುದು. ಇದು ಒಬ್ಬರದೇ ಅಲ್ಲ, ಪಾದದ ಹುಣ್ಣಿನ ಚಿಕಿತ್ಸೆಯಲ್ಲಿ ಪದೇ ಪದೇ ಕಾಣುವ ಹಲವರ ಅನುಭವ ಸೇರಿಸಿದ ಚಿತ್ರ. ರೈತರೊಬ್ಬರಿಗೆ ವಯಸ್ಸು 56, ಸಕ್ಕರೆ ಕಾಯಿಲೆ ಬಂದು 12 ವರ್ಷ. ಸೋಮವಾರ ಹೊಲದಲ್ಲಿ ಮುಳ್ಳು ಚಪ್ಪಲಿಯ ಅಟ್ಟೆಯನ್ನು ತೂರಿ ಎರಡನೆಯ ಬೆರಳಿನ ಬುಡಕ್ಕೆ ಇಳಿಯುತ್ತದೆ. ಅವರಿಗೆ ತಿಳಿಯುವುದಿಲ್ಲ. ಮುರಿದ ಮುಳ್ಳಿನ ತುದಿ ಅಟ್ಟೆಯಲ್ಲೇ ಉಳಿದು, ಸಂಜೆಯವರೆಗೆ ಹೆಜ್ಜೆಹೆಜ್ಜೆಗೂ ಅದೇ ತೂತನ್ನು ಚುಚ್ಚುತ್ತದೆ. ಬುಧವಾರ ಹೆಂಡತಿ ಹಾಸಿಗೆಯ ಮೇಲೆ ಕಲೆ ಕಾಣುತ್ತಾರೆ.

“ಏನ್ರೀ ಇದು, ಕಾಲಾಗ ರಕ್ತ ಬಂದೈತಿ?”

“ನೋವಿಲ್ಲ ಬಿಡು, ಏನಾಗಂಗಿಲ್ಲ.”

ಗಾಯಕ್ಕೆ ಅರಿಶಿನ ಮೆತ್ತಿ ಬಟ್ಟೆ ಕಟ್ಟುತ್ತಾರೆ. ಕಾಲು ನೋಯದ ಕಾರಣ ಗುರುವಾರ, ಶುಕ್ರವಾರವೂ ಹೊಲಕ್ಕೆ ಹೋಗಿಬರುತ್ತಾರೆ. ಪ್ರತಿ ಹೆಜ್ಜೆಯೂ ಕೀವನ್ನು ಬೆರಳಿನ ಸಂದಿನಿಂದ ಪಾದದ ಒಳಪದರಗಳಿಗೆ ತಳ್ಳುತ್ತದೆ. ಶನಿವಾರ ಪಾದ ಊದಿ, ಮೇಲ್ಭಾಗ ಕೆಂಪಾಗಿ, ಕೆಟ್ಟ ವಾಸನೆ ಹೊಡೆಯುತ್ತದೆ. ಮೈ ನಡುಗುತ್ತದೆ. ಮಾತ್ರೆ ತಪ್ಪಿಸದಿದ್ದರೂ ಸಕ್ಕರೆ 340 ತೋರಿಸುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ವೈದ್ಯರು ಮೊಂಡು ತುದಿಯ ಲೋಹದ ಕಡ್ಡಿಯನ್ನು ಗಾಯದೊಳಗೆ ಮೆಲ್ಲಗೆ ಇಳಿಸುತ್ತಾರೆ, ಅದು ಮೂಳೆಗೆ ತಾಗುತ್ತದೆ. ಮೂಳೆಗೂ ಸೋಂಕು ಹತ್ತಿರುವ ಸಂಭವವನ್ನು ತೋರಿಸುವ ಸರಳ ಪರೀಕ್ಷೆ ಅದು. ಅಂದು ತೆಗೆದ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು, ಏಕೆಂದರೆ ಮೂಳೆ ಸವೆದದ್ದು ಚಿತ್ರದಲ್ಲಿ ಕಾಣಲು ಎರಡು ಮೂರು ವಾರ ಬೇಕಾಗುತ್ತದೆ. ಕೊನೆಗೆ ಕೀವು ಬಿಡಿಸಿ, ಎರಡನೆಯ ಬೆರಳನ್ನು ತೆಗೆಯಬೇಕಾಗುತ್ತದೆ.

ಈ ಕತೆಯಲ್ಲಿ ಬೆರಳು ಉಳಿಯಬಹುದಾಗಿದ್ದ ಗಳಿಗೆ ಸೋಮವಾರ ರಾತ್ರಿಯದು. ಕಾಲು ತೊಳೆದು ಅಂಗಾಲನ್ನು ಬೆಳಕಿಗೆ ಹಿಡಿದಿದ್ದರೆ ಒಂದು ರಕ್ತದ ಚುಕ್ಕೆ ಕಾಣುತ್ತಿತ್ತು. ಚಪ್ಪಲಿಯೊಳಗೆ ಕೈಯಾಡಿಸಿದ್ದರೆ ಮುಳ್ಳಿನ ತುದಿ ಬೆರಳಿಗೆ ಸಿಗುತ್ತಿತ್ತು. ಮಂಗಳವಾರ ಆಸ್ಪತ್ರೆಗೆ ಹೋಗಿದ್ದರೆ ಮುರಿದ ತುಣುಕು ಒಳಗಿದೆಯೇ ಎಂದು ನೋಡಿ, ಗಾಯ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟು, ಕೆಲವು ದಿನ ಆ ಕಾಲಿಗೆ ಭಾರ ಬೇಡ ಎಂದು ಹೇಳಿ ಕಳಿಸುತ್ತಿದ್ದರು.

ದಿನವೂ ಪಾದ ನೋಡಲು ಸಂಜೆಯೇ ಸರಿಯಾದ ಹೊತ್ತು, ಏಕೆಂದರೆ ಅಂದಿನ ಗಾಯ ಅಂದೇ ಸಿಗುತ್ತದೆ. ಸೋಪು ಹಚ್ಚಿ ತೊಳೆದು, ಮೆತ್ತನೆ ಬಟ್ಟೆಯಿಂದ ಬೆರಳು ಸಂದಿಗಳನ್ನು ಒಂದೊಂದಾಗಿ ಒರೆಸಿ, ಒಳ್ಳೆಯ ಬೆಳಕಿನಲ್ಲಿ ಕೂರಬೇಕು. ಮೊದಲು ಬೆರಳು ಸಂದು ಬಿಡಿಸಿ ನೋಡಬೇಕು. ಅಲ್ಲಿ ಚರ್ಮ ಬೆಳ್ಳಗೆ ನೆನೆದು ಕಿತ್ತುಬಂದಿದ್ದರೆ ಅದು ಹೆಚ್ಚಾಗಿ ಶಿಲೀಂಧ್ರದ ಕೆಲಸ, ಮುಂದೆ ಬೇರೆ ಸೋಂಕಿಗೂ ಅದೇ ದಾರಿ. ನಂತರ ಉಗುರಿನ ಅಂಚು, ಬೆರಳಿನ ತುದಿ, ಗೆಣ್ಣುಗಳ ಮೇಲ್ಭಾಗ, ಕೊನೆಗೆ ಅಂಗಾಲು ಮತ್ತು ಹಿಮ್ಮಡಿ. ಕಾಲು ಎತ್ತಿ ನೋಡಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿಯಬಹುದು, ಇಲ್ಲವೇ ಮೊಬೈಲಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಬಹುದು. ವಾರದ ಹಿಂದಿನ ಚಿತ್ರದ ಜೊತೆ ಹೋಲಿಸಲೂ ಅದು ಅನುಕೂಲ. ಸಕ್ಕರೆ ಕಾಯಿಲೆ ಕಣ್ಣನ್ನೂ ಮಸುಕಾಗಿಸುವುದರಿಂದ, ದೃಷ್ಟಿ ಕಡಿಮೆ ಇರುವವರ ಪಾದವನ್ನು ಮಗಳೋ ಸೊಸೆಯೋ ಮೊಮ್ಮಗನೋ ನೋಡಲೇಬೇಕು. ‘ಹಿರಿಯರು ನನ್ನ ಕೈಲಿ ಕಾಲು ಮುಟ್ಟಿಸಿಕೊಳ್ಳುವುದಿಲ್ಲ’ ಎಂಬ ಸಂಕೋಚ ಮನೆಯಲ್ಲಿದ್ದರೆ ಅದನ್ನು ಮಾತಾಡಿ ಬಿಡಿಸಿಕೊಳ್ಳುವುದು ಒಳಿತು.

ನೋಡಿದ ಮೇಲೆ ಮುಟ್ಟಿಯೂ ನೋಡಬೇಕು. ಅಂಗೈಯ ಹಿಂಬದಿಯಿಂದ ಎರಡೂ ಪಾದಗಳ ಒಂದೇ ಜಾಗವನ್ನು ಒಂದರ ಹಿಂದೊಂದು ಮುಟ್ಟಿದರೆ ಬಿಸಿಯಲ್ಲಿರುವ ವ್ಯತ್ಯಾಸ ತಿಳಿಯುತ್ತದೆ. ಚರ್ಮದ ಉಷ್ಣ ಅಳೆಯುವ ಥರ್ಮಾಮೀಟರ್ ಇರುವವರಿಗೆ ತಜ್ಞರು ಕೊಡುವ ಗಡಿ 2.2 ಡಿಗ್ರಿ ಸೆಲ್ಸಿಯಸ್. ಎರಡು ಪಾದಗಳ ನಡುವೆ ಅದಕ್ಕಿಂತ ಹೆಚ್ಚು ಅಂತರ ಸತತ ಎರಡು ದಿನ ಕಂಡರೆ ನಡಿಗೆ ಕಡಿಮೆ ಮಾಡಿ ವೈದ್ಯರನ್ನು ಕಾಣಬೇಕು. ಚರ್ಮ ಒಡೆಯುವ ಮೊದಲೇ ಒಳಗಿನ ಉರಿಯೂತ ಬಿಸಿಯಾಗಿ ತೋರುತ್ತದೆ. ಒಣಗಿದ ಪಾದಕ್ಕೆ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿದರೆ ಒಡಕು ತಡೆಯುತ್ತದೆ, ಆದರೆ ಬೆರಳು ಸಂದಿಗೆ ಮಾತ್ರ ಎಣ್ಣೆ ಬೇಡ.

ಪಾದರಕ್ಷೆಯ ಮಾತಿಗೆ ಬಂದರೆ ನಮ್ಮ ಮನೆಗಳ ರೂಢಿಯೇ ಮೊದಲ ತೊಡಕು. ಚಪ್ಪಲಿ ಹೊಸ್ತಿಲಾಚೆ ಉಳಿಯುತ್ತದೆ, ದಿನದ ಬಹುಪಾಲು ಬರಿಗಾಲಿನಲ್ಲೇ ಕಳೆಯುತ್ತದೆ. ಅಡುಗೆಮನೆಯಲ್ಲಿ ಬಿದ್ದ ಸೂಜಿ, ಗಾಜಿನ ಚೂರು, ಮಂಚದ ಕಾಲು, ಬಚ್ಚಲಿನ ಒರಟು ಕಲ್ಲು, ಪಾದಕ್ಕೆ ಗಾಯ ಮಾಡಲು ಇಷ್ಟು ಸಾಕು. ಹೊರಗೆ ಹಾಕದ, ಒಳಗಷ್ಟೇ ತೊಡುವ ಒಂದು ಜೊತೆ ಇಟ್ಟುಕೊಂಡರೆ ಮಡಿಯೂ ಕೆಡುವುದಿಲ್ಲ, ಕಾಲೂ ಉಳಿಯುತ್ತದೆ. ದೇವಸ್ಥಾನದ ಪ್ರಾಂಗಣದ ಕಲ್ಲುಹಾಸು ಏಪ್ರಿಲ್ ತಿಂಗಳ ಮಧ್ಯಾಹ್ನ ಕಾದ ಕಾವಲಿಯಾಗಿರುತ್ತದೆ. ಉಳಿದವರು ಓಡಿ ನೆರಳು ಸೇರುವಾಗ ಸ್ಪರ್ಶವಿಲ್ಲದವರು ನಿಧಾನವಾಗಿ ಪ್ರದಕ್ಷಿಣೆ ಮುಗಿಸುತ್ತಾರೆ, ಮನೆಗೆ ಬಂದ ಮೇಲೆ ಅಂಗಾಲು ತುಂಬ ಬೊಬ್ಬೆ. ಅಂಥವರು ದರ್ಶನಕ್ಕೆ ಬೆಳಗಿನ ಜಾವ ಅಥವಾ ಸಂಜೆ ಹೋಗುವುದು ಲೇಸು. ಬರಿಗಾಲಿನ ಪಾದಯಾತ್ರೆಯ ಹರಕೆ ಇದ್ದರೆ ಅದನ್ನು ಬೇರೆ ಸೇವೆಯಾಗಿ ಬದಲಿಸಿಕೊಳ್ಳುವುದೇ ಕ್ಷೇಮ.

ಹವಾಯಿ ಚಪ್ಪಲಿಗೆ ಮುಳ್ಳೊಂದೇ ತೊಂದರೆಯಲ್ಲ. ಅದು ಕಾಲಿನಲ್ಲಿ ನಿಲ್ಲಬೇಕಾದರೆ ಬೆರಳುಗಳು ಅದನ್ನು ಸದಾ ಹಿಡಿದುಕೊಂಡಿರಬೇಕು, ಬೆರಳು ಸಂದಿಗೆ ಬಾರು ಉಜ್ಜುತ್ತಿರುತ್ತದೆ. ಸ್ಪರ್ಶವಿಲ್ಲದ ಪಾದದಿಂದ ಚಪ್ಪಲಿ ಜಾರಿ ಬಿದ್ದರೂ ತಿಳಿಯದೆ ಬರಿಗಾಲಿನಲ್ಲಿ ನಡೆದುಹೋದವರಿದ್ದಾರೆ. ಬೇಕಾದದ್ದು ಹಿಮ್ಮಡಿಯ ಹಿಂದೆ ಪಟ್ಟಿ ಇರುವ, ಬೆರಳು ಸಂದಿನ ಬಾರಿಲ್ಲದ, ಪಟ್ಟಿಯನ್ನು ಸಡಿಲ ಬಿಗಿ ಮಾಡಬಹುದಾದ ಪಾದರಕ್ಷೆ. ಕಾಲು ತಾಗುವ ಮೇಲ್ಪದರ ಮೆತ್ತಗಿರಬೇಕು, ನೆಲ ತಾಗುವ ಅಟ್ಟೆ ಮುಳ್ಳು ತೂರದಷ್ಟು ಗಟ್ಟಿಯಿರಬೇಕು. ಕುಷ್ಠರೋಗಿಗಳ ಪಾದ ಉಳಿಸಲು ದಕ್ಷಿಣ ಭಾರತದಲ್ಲಿ ಬಳಕೆಗೆ ಬಂದ ಎಂಸಿಆರ್ ಎಂಬ ಮೃದು ರಬ್ಬರಿನ ಚಪ್ಪಲಿಯನ್ನೇ ಇಂದು ಸಕ್ಕರೆ ಕಾಯಿಲೆಯವರಿಗೂ ಬರೆದುಕೊಡುತ್ತಾರೆ. ರಬ್ಬರು ಅದುಮಿ ಚಪ್ಪಟೆಯಾದ ಮೇಲೆ ಅದರ ಗುಣ ಹೋಯಿತು, ಬದಲಿಸಬೇಕು.

ಅಳತೆ ನೋಡಲು ಸುಲಭ ದಾರಿಯಿದೆ. ಸಂಜೆ, ಪಾದ ಸ್ವಲ್ಪ ಊದಿರುವ ಹೊತ್ತಿನಲ್ಲಿ, ಕಾಗದದ ಮೇಲೆ ನಿಂತು ಎರಡೂ ಪಾದದ ಗೆರೆ ಎಳೆದು ಕತ್ತರಿಸಿ ಅಂಗಡಿಗೆ ಒಯ್ಯಬೇಕು. ಕಾಗದ ಶೂ ಒಳಗೆ ಮಡಚದೆ ಕೂತರೆ ಅಗಲ ಸರಿ. ಉದ್ದದಲ್ಲಿ ಬೆರಳಿನ ತುದಿಯಾಚೆ 1ರಿಂದ 2 ಸೆಂಟಿಮೀಟರ್ ಜಾಗ ಉಳಿಯಬೇಕು. ‘ಬಿಗಿಯಾಗಿದ್ದರೆ ಹಿತ’ ಎಂಬ ಅನಿಸಿಕೆಯನ್ನು ಈ ಪಾದದ ವಿಷಯದಲ್ಲಿ ನಂಬಬಾರದು. ಸ್ಪರ್ಶ ಕುಂದಿದವರಿಗೆ ಸರಿಯಾದ ಅಳತೆ ಸಡಿಲ ಎನಿಸಿ, ಕಚ್ಚುವ ಶೂ ಹಿತವೆನಿಸುತ್ತದೆ. ಹೊಸದನ್ನು ಮೊದಲ ದಿನ ಅರ್ಧ ಗಂಟೆ ತೊಟ್ಟು, ತೆಗೆದು, ಎಲ್ಲಾದರೂ ಕೆಂಪಾಗಿದೆಯೇ ನೋಡಿ, ಮರುದಿನ ಸ್ವಲ್ಪ ಹೆಚ್ಚಿಸಬೇಕು. ಪ್ರತಿ ಸಲ ಹಾಕುವ ಮೊದಲು ತಲೆಕೆಳಗೆ ಕೊಡವಿ ಒಳಗೆ ಕೈಯಾಡಿಸುವುದು ಹಲ್ಲುಜ್ಜಿದಷ್ಟೇ ರೂಢಿಯಾಗಬೇಕು.

ಉಗುರಿನ ಗಾಯಗಳಲ್ಲಿ ಬಹಳಷ್ಟು ಮನೆಯ ಬ್ಲೇಡಿನಿಂದಲೇ ಆಗುತ್ತವೆ. ಸ್ನಾನದ ನಂತರ ಉಗುರು ಮೆತ್ತಗಿರುವಾಗ ನೇಲ್‌ಕಟ್ಟರಿನಿಂದ ಅಡ್ಡಕ್ಕೆ ನೇರವಾಗಿ ಕತ್ತರಿಸಿ, ಚೂಪಾದ ಮೂಲೆಗಳನ್ನು ಅರದಿಂದ ಉಜ್ಜಿದರೆ ಸಾಕು. ಮೂಲೆಯನ್ನು ಒಳಗೆ ಕೊರೆದು ದುಂಡಗೆ ಮಾಡಿದರೆ ಉಗುರು ಬೆಳೆಯುವಾಗ ಮಾಂಸದೊಳಗೆ ಚುಚ್ಚಿಕೊಂಡು ಉಗುರುಸುತ್ತಾಗುತ್ತದೆ. ದಪ್ಪಗಾಗಿ ಹಳದಿ ತಿರುಗಿದ ಉಗುರನ್ನು, ಕಣ್ಣು ಮಂಜಾದವರ ಉಗುರನ್ನು, ಸ್ಪರ್ಶವಿಲ್ಲದ ಪಾದದ ಆಣಿ ಮತ್ತು ಜಡ್ಡನ್ನು ತರಬೇತಿ ಪಡೆದವರೇ ತೆಗೆಯಬೇಕು. ಬೆಂಗಳೂರಿನ ಕರ್ನಾಟಕ ಅಂತಃಸ್ರಾವ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಪಾದದ ಆರೈಕೆಗೆಂದೇ ವಿಭಾಗವಿದೆ. ಔಷಧಿ ಅಂಗಡಿಯ ಕಾರ್ನ್ ಕ್ಯಾಪ್‌ನಲ್ಲಿರುವುದು ಸ್ಯಾಲಿಸಿಲಿಕ್ ಆಮ್ಲ. ಅದು ಆಣಿಯನ್ನು ಕರಗಿಸುವಂತೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಸುಟ್ಟದ್ದು ಇವರಿಗೆ ತಿಳಿಯುವುದಿಲ್ಲ. ಕಾಲುಂಗುರ ತೊಡುವ ಹೆಂಗಸರು ವಾರಕ್ಕೊಮ್ಮೆಯಾದರೂ ಅದನ್ನು ತೆಗೆದು ಅಡಿಯ ಚರ್ಮ ನೋಡಬೇಕು. ಬೆರಳು ಊದಿ ಉಂಗುರ ಬಿಗಿಯಾಗುವ ಲಕ್ಷಣ ಕಂಡ ಕೂಡಲೇ ಬಿಚ್ಚಬೇಕು.

ಇಷ್ಟೆಲ್ಲ ಕಾದರೂ ಗಾಯ ಆಗಬಹುದು. ಆಗ ಶುದ್ಧ ನೀರಿನಿಂದ ತೊಳೆದು, ಒಣ ಗಾಜ್ ಬಟ್ಟೆ ಹಗುರವಾಗಿ ಕಟ್ಟಿ, ಆ ಕಾಲಿಗೆ ಭಾರ ಬಿಡದೆ, ಒಂದು ದಿನದೊಳಗೆ ವೈದ್ಯರಿಗೆ ತೋರಿಸಬೇಕು. ಕಾಫಿಪುಡಿ, ಅರಿಶಿನ, ಸುಣ್ಣ ಮೆತ್ತಿದರೆ ಗಾಯದ ಬಣ್ಣ, ಆಳ ಎರಡೂ ಮರೆಯಾಗುತ್ತವೆ. ಬೊಬ್ಬೆಯನ್ನು ಒಡೆಯಬಾರದು.

ಒಂದು ದಿನವನ್ನೂ ಕಾಯಬಾರದ ಲಕ್ಷಣಗಳು ಬೇರೆ ಇವೆ. ಗಾಯದ ಸುತ್ತ ಕೆಂಪು 2 ಸೆಂಟಿಮೀಟರಿಗಿಂತ ಆಚೆಗೆ ಹಬ್ಬಿದ್ದರೆ ಸೋಂಕು ಚರ್ಮ ದಾಟಿ ಹೊರಟಿದೆ. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಹಾಕಿ ಇಟ್ಟರೆ, ಆಸ್ಪತ್ರೆ ಸೇರುವ ಹೊತ್ತಿಗೆ ಅದು ಎಷ್ಟು ಮುಂದೆ ಹೋಯಿತೆಂದು ವೈದ್ಯರಿಗೂ ಕಾಣುತ್ತದೆ. ಕಪ್ಪು ಚರ್ಮದ ಮೇಲೆ ಕೆಂಪು ಸುಲಭಕ್ಕೆ ಕಾಣದು, ಅಲ್ಲಿ ಬಿಸಿ ಮತ್ತು ಊತವನ್ನೇ ನಂಬಬೇಕು. ಕೀವು, ಕೆಟ್ಟ ವಾಸನೆ, ಮೇಲಕ್ಕೆ ಏರುವ ಕೆಂಪು ಗೆರೆ, ಜ್ವರ ಅಥವಾ ನಡುಕ, ಕಾರಣವಿಲ್ಲದೆ ಏರಿದ ಸಕ್ಕರೆ, ಯಾವತ್ತೂ ನೋಯದ ಪಾದದಲ್ಲಿ ಹಠಾತ್ತಾಗಿ ಶುರುವಾದ ನೋವು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾಗಿದ್ದರೂ ಹೊರಡಬೇಕು. ಬೆರಳು ನೀಲಿ ಅಥವಾ ಕಪ್ಪಾದರೆ, ಪಾದ ತಣ್ಣಗೆ ಬಿಳಿಚಿಕೊಂಡರೆ ರಕ್ತದ ಹರಿವೇ ನಿಂತಿರಬಹುದು. ಆಗ ರಕ್ತನಾಳಗಳ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೇ ನೇರ ಹೋದರೆ ಗಂಟೆಗಳು ಉಳಿಯುತ್ತವೆ.

ಗಾಯವೇ ಇಲ್ಲದ ತುರ್ತು ಒಂದಿದೆ, ಅದು ಹೆಚ್ಚಾಗಿ ಕೈತಪ್ಪುತ್ತದೆ. ಒಂದೇ ಪಾದ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿರುತ್ತದೆ. ನೋವು ಅಷ್ಟಿಲ್ಲ, ಜ್ವರವಿಲ್ಲ. ಉಳುಕು ಎಂದು ಎಣ್ಣೆ ತಿಕ್ಕಿಸುತ್ತಾರೆ, ಇಲ್ಲವೇ ಗೌಟ್ ಎಂದು ಮಾತ್ರೆ ನುಂಗುತ್ತಾರೆ. ಫ್ರೆಂಚ್ ನರರೋಗ ತಜ್ಞ ಶಾರ್ಕೋ 1868ರಲ್ಲಿ ಬೇರೆ ನರರೋಗದವರ ಕೀಲುಗಳಲ್ಲಿ ವಿವರಿಸಿದ ಸ್ಥಿತಿ ಇದು, ಇಂದು ಅವರದೇ ಹೆಸರಿನಲ್ಲಿ ಶಾರ್ಕೋ ಪಾದ ಎನ್ನುತ್ತಾರೆ. ಒಳಗೆ ಮೂಳೆಗಳು ಮೆತ್ತಗಾಗಿ ಮುರಿಯುತ್ತಿರುತ್ತವೆ, ನೋವಿಲ್ಲದ್ದರಿಂದ ಜನ ನಡೆಯುತ್ತಲೇ ಇರುತ್ತಾರೆ. ಕೆಲವೇ ವಾರಗಳಲ್ಲಿ ಪಾದದ ಕಮಾನು ಕುಸಿದು ಅಂಗಾಲು ಹೊರಗೆ ಉಬ್ಬಬಹುದು, ಆ ಉಬ್ಬಿನ ಮೇಲೆ ಮುಂದೆ ಹುಣ್ಣು. ಅನುಮಾನ ಬಂದ ಗಳಿಗೆಯಿಂದಲೇ ನಡಿಗೆ ನಿಲ್ಲಿಸಬೇಕು. ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿ ಪಾದಕ್ಕೆ ವಿರಾಮ ಕೊಡುವುದೇ ಇದರ ಮುಖ್ಯ ಚಿಕಿತ್ಸೆ, ತಿಂಗಳುಗಟ್ಟಲೆ ಬೇಕಾಗುತ್ತದೆ.

ಅಂಗಾಲಿನ ಹುಣ್ಣಿಗೂ ಅದೇ ಬಗೆಯ ಪ್ಲಾಸ್ಟರ್ ಬಳಸುತ್ತಾರೆ. ಮುಲಾಮು ಎಷ್ಟೇ ದುಬಾರಿಯದಾದರೂ, ಅದೇ ಜಾಗದ ಮೇಲೆ ನಡೆಯುತ್ತಿದ್ದರೆ ಹುಣ್ಣು ಮಾಯುವುದು ಕಷ್ಟ. ಬಿಚ್ಚಲಾಗದಂತೆ ಹಾಕಿದ ಪ್ಲಾಸ್ಟರಿಗೆ ಮಹತ್ವ ಬಂದದ್ದೂ ಇದಕ್ಕೇ. ನೋವಿಲ್ಲದ ಮನುಷ್ಯ ಬಿಚ್ಚಬಹುದಾದ ಪಟ್ಟಿಯನ್ನು ಬಚ್ಚಲಿಗೆ ಹೋಗುವಾಗ ಬಿಚ್ಚಿಟ್ಟು ನಾಲ್ಕು ಹೆಜ್ಜೆ ನಡೆದುಬಿಡುತ್ತಾರೆ. ಆದರೆ ರಕ್ತ ಹರಿವು ತೀರ ಕಡಿಮೆ ಇದ್ದವರಿಗೆ, ಕೀವು ತುಂಬಿದ ಗಾಯಕ್ಕೆ ಇದನ್ನು ಹಾಗೇ ಹಾಕುವಂತಿಲ್ಲ. ಮೊದಲು ಅವುಗಳ ಚಿಕಿತ್ಸೆ ಆಗಬೇಕು.

ಹುಣ್ಣು ಮಾಯ್ದ ಸುಮಾರು ಶೇಕಡಾ 40 ಜನರಲ್ಲಿ ಒಂದು ವರ್ಷದೊಳಗೆ ಅದು ಮತ್ತೆ ಬರುತ್ತದೆ. ಹಾಗಾಗಿ ಬೆರಳು ಕಳೆದುಕೊಂಡ ಆ ರೈತರಂಥವರು ಒಂದರಿಂದ ಮೂರು ತಿಂಗಳಿಗೊಮ್ಮೆ ಪಾದ ತೋರಿಸಬೇಕು ಎಂಬುದು ಅಂತರರಾಷ್ಟ್ರೀಯ ತಜ್ಞರ ಸಲಹೆ. ಸ್ಪರ್ಶ ಮಾತ್ರ ಹೋಗಿ ಬೇರೆ ತೊಂದರೆ ಇಲ್ಲದವರಿಗೆ ಆರು ತಿಂಗಳಿಂದ ವರ್ಷದ ಅಂತರ ಸಾಕು, ಸ್ಪರ್ಶವೂ ರಕ್ತ ಹರಿವೂ ಚೆನ್ನಾಗಿದ್ದರೆ ವರ್ಷಕ್ಕೊಮ್ಮೆ. ಶುಗರ್ ತಪಾಸಣೆಗೆ ಹೋದಾಗ ವೈದ್ಯರು ಕೇಳದಿದ್ದರೂ ಕುರ್ಚಿಯಲ್ಲಿ ಕೂತ ಕೂಡಲೇ ಎರಡೂ ಕಾಲಿನ ಚಪ್ಪಲಿ, ಸಾಕ್ಸ್ ಬಿಚ್ಚಿ ಪಾದ ಮುಂದಿಡಬೇಕು. ಜೊತೆಗೆ ದಿನವೂ ಹಾಕುವ ಚಪ್ಪಲಿಯನ್ನೂ ತೋರಿಸಬೇಕು. ಅಟ್ಟೆ ಎಲ್ಲಿ ಸವೆದಿದೆ ಎಂಬುದರಿಂದ ಪಾದದ ಯಾವ ಜಾಗಕ್ಕೆ ಭಾರ ಹೆಚ್ಚು ಬೀಳುತ್ತಿದೆ ಎಂದು ಅವರು ಓದಿಕೊಳ್ಳುತ್ತಾರೆ.